ಮೂರು ದಿನ ಬಾಕಿ: ನಮ್ಮ ಜಾಮ್ ಗೇಮ್‌ನಿಂದ ಏನೇನು ಕೈಬಿಡ್ತಿದ್ದೀವಿ, ಯಾಕೆ (ತಂಡಕ್ಕೆ ಬರೆದ ಪತ್ರ)

ಗಡುವುಗಾರ

ನಮ್ಮ ನಾಲ್ವರ ತಂಡಕ್ಕೆ ನಿನ್ನೆ ರಾತ್ರಿ ಬರೆದ ಪತ್ರ ಇದು. ಅವರನ್ನು ಕೇಳಿಯೇ ಇಲ್ಲಿ ಹಾಕ್ತಿದ್ದೀನಿ. ಉಳಿದ ಮೂವರಲ್ಲಿ ಇಬ್ಬರಿಗೆ ಸಿಟ್ಟು ಬಂದಿದೆ. ಅವರೂ ಇಲ್ಲೇ ಇದ್ದಾರೆ, ಬೈಯೋದಿದ್ರೆ ಎಲ್ಲರ ಎದುರೇ ಬೈಯಲಿ.

ಹಿನ್ನೆಲೆ ಇಷ್ಟೇ. ಗೊಡೋದಲ್ಲಿ ಮಾಡ್ತಿರೋ 2ಡಿ ಪಝಲ್ ಗೇಮ್, ಬ್ರೌಸರ್‌ನಲ್ಲಿ ಆಡೋದು. E ಒತ್ತಿದರೆ ನಿಮ್ಮ ಮುಂದಿನ 8 ಸೆಕೆಂಡಿನ ಓಡಾಟ ರೆಕಾರ್ಡ್ ಆಗುತ್ತೆ. ಆಮೇಲೆ ಒಂದು ನೆರಳು ಅದನ್ನೇ ಮತ್ತೆ ಮತ್ತೆ ಮಾಡುತ್ತೆ. ನೆರಳು ಹೋಗಿ ಗುಂಡಿ ತುಳಿದರೆ ಬಾಗಿಲು ತೆರೆಯುತ್ತೆ, ನೀವು ದಾಟ್ತೀರಿ.

ಪತ್ರ:

ಎಲ್ಲರಿಗೂ,

ಭಾನುವಾರ ರಾತ್ರಿ 10ಕ್ಕೆ ಅಪ್‌ಲೋಡ್ ಮುಚ್ಚುತ್ತೆ. ಮೂರು ದಿನ ಅಂದ ತಕ್ಷಣ 72 ಗಂಟೆ ಅಂತ ತಲೆ ಲೆಕ್ಕ ಹಾಕಿಬಿಡುತ್ತೆ. ನಿಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ, ನಿದ್ದೆ, ಕೆಲಸ ಎಲ್ಲ ಕಳೆದು ನಿಜವಾಗಿ ಎಷ್ಟು ಹೊತ್ತು ಕೂರಬಲ್ಲಿರಿ ಅಂತ. ನನ್ನದೂ ಸೇರಿ 50 ಗಂಟೆ ಬಂತು. ಅದರಲ್ಲಿ ಕೊನೆಯ 10 ಗಂಟೆಯನ್ನು ನಾನು ಈಗಲೇ ಎತ್ತಿಡ್ತಿದ್ದೀನಿ. ಭಾನುವಾರ ಮಧ್ಯಾಹ್ನದಿಂದ ಹೊಸದೇನೂ ಸೇರಲ್ಲ, ಬಿಲ್ಡ್ ಏರಿಸೋದು, ಆಡಿ ನೋಡೋದು, ಮುರಿದದ್ದನ್ನು ಸರಿ ಮಾಡೋದು ಮಾತ್ರ. ಉಳಿದದ್ದು 40. ಗೋಡೆ ಮೇಲಿರೋ ಪಟ್ಟಿಯಲ್ಲಿ ಬಾಕಿ ಇರೋ ಕೆಲಸ ಕೂಡಿಸಿದರೆ 83.

ಹಾಗಾಗಿ ನಾಲ್ಕು ಬಿಡ್ತಿದ್ದೀವಿ.

ಆನ್‌ಲೈನ್ ಸ್ಕೋರ್ ಪಟ್ಟಿ (7 ಗಂಟೆ). ಇದರ ಬಗ್ಗೆ ಯಾರೂ ಅಳಲ್ಲ ಅಂದ್ಕೊಂಡಿದ್ದೀನಿ.

ಸೇವ್ (5 ಗಂಟೆ). ಇಡೀ ಗೇಮ್ 15 ನಿಮಿಷದ್ದು. ಬದಲಿಗೆ ಮೊದಲ ಪರದೆಯಲ್ಲೇ ಎಲ್ಲ ಲೆವೆಲ್‌ಗಳ ಪಟ್ಟಿ ಇಡೋಣ, ಯಾವುದಕ್ಕೂ ಬೀಗ ಬೇಡ. ಸಿಕ್ಕಿಹಾಕ್ಕೊಂಡವನು ಮುಂದಿನದಕ್ಕೆ ಹಾರಲಿ.

ಕೊನೆಯಲ್ಲಿ ಬರೋ ಕಾವಲುಗಾರ (14 ಗಂಟೆ). ಚಿತ್ರ ಎಲ್ಲ ತಯಾರಿದೆ, 34 ಫ್ರೇಮ್, ಚೆನ್ನಾಗಿದೆ. ಆದರೆ ಅವನು ನಡೆಯೋದು, ನೆರಳನ್ನು ಕಂಡರೆ ಏನು ಮಾಡೋದು, ಆಟಗಾರ ಸತ್ತರೆ ಎಲ್ಲಿಂದ ಶುರು, ಇದೊಂದೂ ಶುರುವೇ ಆಗಿಲ್ಲ. ಈ ಗೇಮ್‌ನಲ್ಲಿ ಇದುವರೆಗೆ ಯಾರೂ ಸತ್ತಿಲ್ಲ. ಅವನೊಬ್ಬನಿಗಾಗಿ ಸಾವು ಅನ್ನೋ ಹೊಸ ವಿಷಯವನ್ನೇ ತರಬೇಕು.

ಎರಡನೇ ನೆರಳು (18 ಗಂಟೆ). ಇದೇ ಕಷ್ಟದ್ದು. ‘ಹೆಚ್ಚುಕಡಿಮೆ ಮುಗಿದಿದೆ, 6 ಗಂಟೆ ಸಾಕು’ ಅಂತ ಹೇಳಿದ್ದೀರಿ, ಒಪ್ತೀನಿ. ಆ 6 ಕೋಡ್ ಬರೆಯೋ 6. ಅದರ ಹಿಂದೆ ಒಂದು ಬಾಲ ಇದೆ: ಎರಡು ನೆರಳು ಬೇಕಾಗೋ ಎರಡು ಲೆವೆಲ್ ಇನ್ನೂ ಅರ್ಧ, ಅದನ್ನು ಕಲಿಸೋ ಸುಳಿವು ಇಲ್ಲ, ಎರಡನೆಯದಕ್ಕೆ ಬೇರೆ ಬಣ್ಣ, ಬೇರೆ ಸದ್ದು, ಜೊತೆಗೆ ರೆಕಾರ್ಡಿಂಗ್ ಕೋಡ್ ಮುಟ್ಟಿದ ಪ್ರತಿ ಸಲ ಮುಗಿದ ಲೆವೆಲ್‌ಗಳನ್ನೂ ಮತ್ತೆ ಆಡಿ ನೋಡಬೇಕು. ಇದೆಲ್ಲ ಸೇರಿ 18. ಹಾಗಾಗಿ ಲೆವೆಲ್ 6, 7 ಕೂಡ ಇದರ ಜೊತೆ ಹೋಗುತ್ತೆ. ಒಂದು ನೆರಳಿನ 1ರಿಂದ 5, ಮತ್ತು 8 ಉಳಿಯುತ್ತೆ. 8 ಇನ್ನು ಮುಂದೆ 6.

ಕೂಡಿಸಿದರೆ 44. 83ರಲ್ಲಿ ಕಳೆದರೆ 39. ಒಂದು ಗಂಟೆ ಮಿಕ್ಕಿದೆ, ಅದನ್ನು ಯಾರೂ ಕೇಳಬೇಡಿ.

ಬಿಡದೇ ಇರೋದು: R ಒತ್ತಿದರೆ ಲೆವೆಲ್ ಮೊದಲಿಂದ, ಸದ್ದು ನಿಲ್ಲಿಸೋ ಬಟನ್, ಮತ್ತು ‘ಶುರುಮಾಡಲು ಕ್ಲಿಕ್ ಮಾಡಿ’ ಪರದೆ. ಮೂರೂ ಇನ್ನೂ ಶುರುವಾಗಿಲ್ಲ, ಮೂರೂ ನೋಡೋಕೆ ಸಪ್ಪೆ. ನಾಳೆ ಬೆಳಿಗ್ಗೆ ಮೊದಲು ಇವೇ.

---

ಅರೆಬೆಂದಕೋಡ್

ಎರಡನೇ ನೆರಳು ಬರೆದವನು ನಾನೇ. ಎಲ್ಲರ ಎದುರು ಹೇಳ್ತೀನಿ: ಅದು ಕೆಲಸ ಮಾಡ್ತಿದೆ. ನನ್ನ ಮಷೀನ್‌ನಲ್ಲಿ ಲೆವೆಲ್ 6 ಪೂರ್ತಿ ಆಡಬಹುದು. ಶುರುವೇ ಆಗದ R ಕೀ ಉಳೀತು, ಮುಗಿದದ್ದು ಹೋಯ್ತು. ಇದು ಯಾವ ನ್ಯಾಯ?

ಗಡುವುಗಾರ

ಲೆವೆಲ್ 6 ಆಡಬಹುದು ಕಣೋ, ನಿಜ. 7 ಆಡಿದ್ದೀಯಾ? ನಾನು ನಿನ್ನೆ ಆಡಿದೆ. ಏನಾಯ್ತು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳ್ತೀನಿ, ಬೇರೆಯವರಿಗೂ ತಿಳಿಯಲಿ.

ಮೊದಲು E ಒತ್ತಿ, ಹೋಗಿ ಎಡಗಡೆ ಗುಂಡಿ ಮೇಲೆ ನಿಂತೆ. ಮೊದಲನೇ ನೆರಳು ತಯಾರ್. ಅದು ಗುಂಡಿ ಮೇಲೆ ಇರೋವರೆಗೆ ಬಾಗಿಲು ತೆರೆದಿರುತ್ತೆ. ಈಗ Q ಒತ್ತಿ ಎರಡನೆಯದನ್ನು ರೆಕಾರ್ಡ್ ಮಾಡ್ತಾ ಆ ಬಾಗಿಲು ದಾಟಿ ಹೋದೆ. ಇಲ್ಲಿವರೆಗೆ ಚಂದ. ಆದರೆ ನಾನು Q ಒತ್ತಿದ್ದು ಮೊದಲನೇ ನೆರಳಿನ ಸುತ್ತು ಮೂರು ಸೆಕೆಂಡ್ ಓಡಿದ ಮೇಲೆ. ಎರಡೂ 8 ಸೆಕೆಂಡಿನ ಸುತ್ತೇ, ಹಾಗಾಗಿ ಮೊದಲನೆಯದನ್ನು ಮುಟ್ಟದಿದ್ದರೆ ಪ್ರತಿ ಸುತ್ತಿನಲ್ಲೂ ತಾಳ ಕೂಡುತ್ತೆ. ಮಧ್ಯೆ ಮೊದಲನೆಯದನ್ನು ಅಳಿಸಿ ಬೇರೆ ರೆಕಾರ್ಡ್ ಮಾಡಿದೆ ಅಂತಿಟ್ಕೋ. ಆಗ ತಾಳ ಕೂಡುತ್ತೋ ಇಲ್ಲವೋ ಅನ್ನೋದು ಪೂರ್ತಿ ಅದೃಷ್ಟ. ಕೂಡದಿದ್ದರೆ ಎರಡನೇ ನೆರಳು ಬಾಗಿಲಿಗೆ ಬರೋ ಹೊತ್ತಿಗೆ ಬಾಗಿಲು ಮುಚ್ಚಿದೆ. ಅದು ಸೀದಾ ಬಾಗಿಲೊಳಗಿಂದ ತೂರಿಕೊಂಡು ಹೋಗುತ್ತೆ.

ನಾವು ರೆಕಾರ್ಡ್ ಮಾಡ್ತಿರೋದು ಬರೀ ಜಾಗ:

```gdscript
func _physics_process(_delta):
    if recording:
        path.append(global_position)
```

ಸೆಕೆಂಡಿಗೆ 60 ಸಲ, 8 ಸೆಕೆಂಡಿಗೆ 480 ಬಿಂದು. ನೆರಳಿಗೆ ಬಾಗಿಲು ಗೊತ್ತಿಲ್ಲ, ಗೋಡೆ ಗೊತ್ತಿಲ್ಲ, ಬಿಂದು ಮಾತ್ರ ಗೊತ್ತು. ಒಂದೇ ನೆರಳಿದ್ದಾಗ ಇದು ಕಾಣಿಸಲ್ಲ, ಯಾಕಂದ್ರೆ ರೆಕಾರ್ಡ್ ಮಾಡುವಾಗ ಆಟಗಾರ ಬಾಗಿಲು ದಾಟೋ ಅವಕಾಶವೇ ಬರದ ಹಾಗೆ ಆ ಆರು ಲೆವೆಲ್ ಕಟ್ಟಿದ್ದೀನಿ. ನಿನ್ನ ಕೋಡ್ ತಪ್ಪಿಲ್ಲ. ಎರಡನೆಯದು ಬಂದ ಕೂಡಲೇ ಗೇಮ್‌ಗೆ ಒಂದು ಪ್ರಶ್ನೆ ಹುಟ್ಟುತ್ತೆ, ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ಉತ್ತರ ಹುಡುಕೋಕೆ 6 ಗಂಟೆ ಸಾಲಲ್ಲ.

ಮೊದಲಸಲ

ಒಂದು ನಿಮಿಷ, ಜಾಮ್ ನಡೆಸೋರು ಬಾಸ್ ಫೈಟ್ ಬೇಡ ಅಂತ ನಿಯಮ ಮಾಡಿದ್ದಾರಾ? ನಮ್ಮ ಗೇಮ್‌ನಲ್ಲಿ ಇಬ್ಬರು ಬಾಸ್ ಇದ್ದಾರೆ. ಈಗ ತೆಗೀಬೇಕಾ??

ಹಳೇಬಗ್

@ಮೊದಲಸಲ ಇಲ್ಲಪ್ಪ, ಇದು ಅವರ ತಂಡ ಅವರೇ ಮಾಡ್ಕೊಂಡಿರೋ ತೀರ್ಮಾನ. ನಿಮ್ಮ ಬಾಸ್‌ಗಳು ಆರಾಮಾಗಿರಲಿ. ಇಬ್ಬರೂ ಮುಗಿದಿದ್ದಾರಾ ಅನ್ನೋದು ಬೇರೆ ವಿಷಯ.

@ಗಡುವುಗಾರ ನಿಮ್ಮ ಬಾಗಿಲಿನ ಸಮಸ್ಯೆ ಇಂಥ ಗೇಮ್ ಮಾಡೋ ಎಲ್ಲರಿಗೂ ಎದುರಾಗುತ್ತೆ. ಕೆಲವರು ಜಾಗ ಬಿಟ್ಟು ಯಾವ ಕೀ ಯಾವಾಗ ಒತ್ತಿದರು ಅನ್ನೋದನ್ನು ರೆಕಾರ್ಡ್ ಮಾಡ್ತಾರೆ. ಆಗ ನೆರಳು ನಿಜವಾಗಿ ನಡೆಯುತ್ತೆ, ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆದು ನಿಲ್ಲುತ್ತೆ. ಆದರೆ ನಿಂತ ಮೇಲೂ ಅದರ ಕೀಗಳು ಮುಂದುವರಿಯುತ್ತವೆ. ಎರಡು ಸೆಕೆಂಡ್ ಆದ್ಮೇಲೆ ಗುಂಡಿ ಇಲ್ಲದ ಕಡೆ ನಿಲ್ಲುತ್ತೆ, ಹಳ್ಳ ಇಲ್ಲದ ಕಡೆ ಹಾರುತ್ತೆ. ಚಲಿಸೋ ಹಲಗೆ ಒಂದಿದ್ದು, ಅದು ಒಂದೆರಡು ಪಿಕ್ಸೆಲ್ ಆಚೀಚೆ ಇದ್ದರೂ ಸಾಕು, ಸುತ್ತಿನ ಕೊನೆಗೆ ನೆರಳು ಬೇರೆ ಊರಲ್ಲಿರುತ್ತೆ.

ಗಟ್ಟಿಯಾಗಿ ನಿಲ್ಲೋ ದಾರಿ ನಾನು ನೋಡಿದ್ದು ಒಂದೇ: ರೆಕಾರ್ಡ್ ಒತ್ತಿದ ಕೂಡಲೇ ಇಡೀ ಲೆವೆಲ್ ಸೊನ್ನೆ ಸೆಕೆಂಡಿಗೆ ಹಿಂದೆ ಹೋಗಬೇಕು. ಬಾಗಿಲು, ಪೆಟ್ಟಿಗೆ, ಹಳೇ ನೆರಳುಗಳು ಎಲ್ಲವೂ ಒಟ್ಟಿಗೆ ಶುರು. ಆಗ ಎರಡನೆಯದು ಬಾಗಿಲು ದಾಟಿದ್ದು ನಾಲ್ಕನೇ ಸೆಕೆಂಡಿನಲ್ಲಾದರೆ, ಮುಂದಿನ ಸುತ್ತಿನಲ್ಲೂ ನಾಲ್ಕನೇ ಸೆಕೆಂಡಿಗೆ ಬಾಗಿಲು ತೆರೆದೇ ಇರುತ್ತೆ. ತಾಳ ತಪ್ಪೋ ಪ್ರಶ್ನೆಯೇ ಇಲ್ಲ. ಆಟಗಾರ ಪೆಟ್ಟಿಗೆ ತಂದು ದಾರಿಗೆ ಅಡ್ಡ ಇಟ್ಟರೆ ಮಾತ್ರ ಮತ್ತೆ ಅದೇ ಗೋಳು.

ಗಡುವುಗಾರ

ಓದಿದ ಕೂಡಲೇ ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ. ಸರಿಯಾದ ಉತ್ತರ ಇದೇ ಅನ್ಸುತ್ತೆ. ಆದರೆ ಆಗ ಇದು ಬೇರೆ ಗೇಮ್. ಈಗ ನಮ್ಮಲ್ಲಿ ನೆರಳು ಸುತ್ತುತ್ತಿರುವಾಗಲೇ ನೀವು ನಿಮ್ಮ ಪಾಡಿಗೆ ಓಡಾಡಬಹುದು. ಮುಗಿದ ಲೆವೆಲ್‌ಗಳಲ್ಲಿ ಎರಡು ಅದರ ಮೇಲೇ ನಿಂತಿವೆ. ಜಾಮ್ ಮುಗಿದ ಮೇಲೆ ಮಾಡೋದು.

ಅರೆಬೆಂದಕೋಡ್

7 ಆಡಿ ಬಂದೆ. ಬಾಗಿಲೊಳಗೆ ತೂರಿತು. ಎರಡನೇ ಸಲ ತೂರಲಿಲ್ಲ, ಮೂರನೇ ಸಲ ಮತ್ತೆ ತೂರಿತು. ಸಿಟ್ಟು ಇನ್ನೂ ಹೋಗಿಲ್ಲ, ಆದರೆ ಈಗ ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ.

ಸದ್ದುಗುದ್ದು

ತಂಡದಲ್ಲಿ ಸಿಟ್ಟಾಗದೇ ಇರೋ ಮೂರನೆಯವನು ನಾನು. ಎರಡನೇ ನೆರಳಿಗೆ ನಾನಿನ್ನೂ ಸದ್ದೇ ಮಾಡಿರಲಿಲ್ಲ 😌

ಒಂದು ಸಲಹೆ. ಕೋಡ್ ತೆಗೆಯೋದೇ ಯಾಕೆ? `const SECOND_ECHO = false` ಅಂತ ಒಂದು ಸಾಲು ಹಾಕಿ ಆರಿಸಿಟ್ಟರೆ ಆಯ್ತಲ್ಲ. ಮೂಡ್ ಬಂದಾಗ `true`.

ಹಳೇಬಗ್

ಸ್ಕೋರ್ ಪಟ್ಟಿ ಥರದ್ದಕ್ಕೆ ಅದು ಸರಿ, ಅದು ಒಂದು ಬಟನ್ ಹಿಂದೆ ಕೂತಿರುತ್ತೆ, ಬಟನ್ ಮುಚ್ಚಿದರೆ ಮುಗೀತು. ಇಲ್ಲಿ ಕೇಳಬೇಕಾದ್ದು, ಎರಡನೇ ನೆರಳು ಸೇರಿಸುವಾಗ ಮೊದಲನೆಯದರ ಕೋಡ್ ಬದಲಾಯ್ತಾ ಅಂತ. @ಅರೆಬೆಂದಕೋಡ್ `path` ಈಗಲೂ ಒಂದೇ ಅರೇನಾ, ಅಥವಾ ಅರೇಗಳ ಅರೇ ಆಗಿದೆಯಾ?

ಅರೆಬೆಂದಕೋಡ್

ಅರೇಗಳ ಅರೇ. ಗುಂಡಿಯೂ ಈಗ ‘ನೆರಳು ಮೇಲಿದೆಯಾ’ ಅಂತ ಕೇಳಲ್ಲ, ‘ಎಷ್ಟು ಜನ ಮೇಲಿದ್ದಾರೆ’ ಅಂತ ಎಣಿಸುತ್ತೆ.

ಹಳೇಬಗ್

ಹಾಗಿದ್ರೆ `false` ಹಾಕಿದರೂ ಆ ಬದಲಾವಣೆ ಎಲ್ಲ ಒಳಗೇ ಇರುತ್ತೆ. ಫೀಚರ್ ಹೋಯ್ತು, ಅದರ ಬಗ್ ಉಳೀತು. ಗುಂಡಿಯಿಂದ ಯಾರೋ ಇಳಿದಾಗ ಎಣಿಕೆ ಕಳೆಯೋದು ಒಂದು ಕಡೆ ಮರೆತಿದ್ದರೆ ಬಾಗಿಲು ಶಾಶ್ವತವಾಗಿ ತೆರೆದೇ ಇರುತ್ತೆ. ಬೇರೆ ಬ್ರಾಂಚಿಂದ ಮರ್ಜ್ ಮಾಡಿದ್ದಾ? ಹಾಗಾದ್ರೆ ಗುರುತು ಇಟ್ಟು, ಮರ್ಜ್ ವಾಪಸ್ ತಗೊಳ್ಳಿ:

```
git tag eradane-neralu
git revert -m 1 <merge-hash>
```

ಒಂದು ಎಚ್ಚರಿಕೆ. ಜಾಮ್ ಆದ್ಮೇಲೆ ಆ ಬ್ರಾಂಚ್ ಮತ್ತೆ ಮರ್ಜ್ ಮಾಡಿದರೆ ಹಳೇ ಕೋಡ್ ಬರಲ್ಲ. ಅದು ಆಗಲೇ ಬಂದು ಸೇರಿದೆ ಅಂತ ಗಿಟ್ ತಿಳ್ಕೊಂಡಿರುತ್ತೆ. ಮೊದಲು ಈ ರಿವರ್ಟನ್ನೇ ರಿವರ್ಟ್ ಮಾಡಬೇಕು. ಇದು ಗೊತ್ತಿಲ್ಲದೆ ನಾನು ಒಂದಿಡೀ ರಾತ್ರಿ ಕೋಡ್ ಕಳೆದುಹೋಯ್ತು ಅಂತ ಹುಡುಕಿದ್ದೆ.

ಮರ್ಜ್ ಆದಮೇಲೆ ಅದೇ ಸೀನ್ ಫೈಲ್‌ಗಳನ್ನು ಬೇರೆ ಯಾರಾದರೂ ಮುಟ್ಟಿದ್ದರೆ ಕಾನ್‌ಫ್ಲಿಕ್ಟ್ ಬರುತ್ತೆ. `.tscn` ಕಾನ್‌ಫ್ಲಿಕ್ಟ್ ಸಾಲು ಸಾಲಾಗಿ ಬಿಡಿಸೋದು ಹಿಂಸೆ, ಯಾವುದಾದರೂ ಒಂದು ಕಡೆಯ ಫೈಲ್ ಇಟ್ಕೊಂಡು ಆ ಲೆವೆಲ್ ಎಡಿಟರ್‌ನಲ್ಲಿ ತೆರೆದು ಕೈಯಾರೆ ಸರಿ ಮಾಡೋದೇ ಬೇಗ ಮುಗಿಯುತ್ತೆ.

ರಾತ್ರಿಪಾಳಿ

ಸೇವ್ ಬಿಟ್ಟಿದ್ದು ಸರಿ. ಬ್ರೌಸರ್ ಗೇಮ್‌ನಲ್ಲಿ ಹೇಗೂ ಸೇವ್ ನಿಲ್ಲಲ್ಲ, ಟ್ಯಾಬ್ ಮುಚ್ಚಿದರೆ ಎಲ್ಲ ಮಾಯ.

ಹಳೇಬಗ್

ಅರ್ಧ ಸರಿ. ಗೊಡೋದ `user://` ವೆಬ್‌ನಲ್ಲಿ ಬ್ರೌಸರಿನ ಇಂಡೆಕ್ಸ್ಡ್‌ಡಿಬಿಗೆ ಹೋಗುತ್ತೆ, ಟ್ಯಾಬ್ ಮುಚ್ಚಿದರೂ ಸಾಮಾನ್ಯವಾಗಿ ಉಳಿಯುತ್ತೆ. ಕೈ ಕೊಡೋದು ಗೇಮ್ ಇನ್ನೊಂದು ಪುಟದೊಳಗಿನ ಫ್ರೇಮ್‌ನಲ್ಲಿ ಓಡುವಾಗ. ಆಟಗಾರ ಮೂರನೆಯವರ ಕುಕೀ ತಡೆದಿದ್ದರೆ ಅಥವಾ ಖಾಸಗಿ ಕಿಟಕಿಯಲ್ಲಿದ್ದರೆ ಉಳಿಯದೇ ಹೋಗಬಹುದು. `OS.is_userfs_persistent()` ಕೇಳಿ ನೋಡಬಹುದು. ಅಂದರೆ ನಿಮ್ಮ ಮಷೀನ್‌ನಲ್ಲಿ ಸರಿಯಿದ್ದು ಬೇರೆ ಯಾರದೋ ಮಷೀನ್‌ನಲ್ಲಿ ಕೈಕೊಡೋ ಜಾತಿಯದ್ದು. ಮೂರು ದಿನ ಇರುವಾಗ ಬಿಡಬೇಕಾದ್ದೇ, ಕಾರಣ ಮಾತ್ರ ನೀವು ಹೇಳಿದ್ದಲ್ಲ.

ಗೆರೆಗಾರ್ತಿ

34 ಫ್ರೇಮ್ ಬಿಡಿಸಿದವಳು ನಾನು. ಪತ್ರದಲ್ಲಿ ‘ಚೆನ್ನಾಗಿದೆ’ ಅನ್ನೋ ಒಂದು ಪದ ಸಿಕ್ತು, ಥ್ಯಾಂಕ್ಸ್.

ಜಗಳ ಆಡೋಕೆ ಬಂದಿಲ್ಲ. ಅವನು ನಿಂತು ಉಸಿರಾಡೋದು 6 ಫ್ರೇಮ್ ಇದೆ. ಕೊನೆ ಲೆವೆಲ್‌ನಲ್ಲಿ ಬಾಗಿಲ ಪಕ್ಕ ಸುಮ್ಮನೆ ನಿಲ್ಲಿಸಿ. ಕೋಡ್ ಬೇಡ, ಅನಿಮೇಷನ್ ಓಡ್ತಿದ್ರೆ ಸಾಕು. ಹತ್ತು ನಿಮಿಷದ ಕೆಲಸ.

ಇನ್ನೊಂದು. Q ಒತ್ತಿ ಅನ್ನೋ ಬೋರ್ಡು ಲೆವೆಲ್ 3ರ ಹಿನ್ನೆಲೆ ಚಿತ್ರದಲ್ಲೇ ಇದೆ, ಮರದ ಹಲಗೆ ಮೇಲೆ ಬರೆದ ಹಾಗೆ ಬಿಡಿಸಿದ್ದೆ. ಮುಂದೆ ಬರೋದಕ್ಕೆ ಸುಳಿವು ಇರಲಿ ಅಂತ ನೀವೇ ಕೇಳಿದ್ರಿ. ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗಲ್ಲ.

ಗಡುವುಗಾರ

ಅಯ್ಯೋ, ಆ ಬೋರ್ಡು! ನಾನೇ ಕೇಳಿ ನಾನೇ ಮರೆತಿದ್ದೆ. ಎಲ್ಲರೂ Q ಒತ್ತಿ ಒತ್ತಿ ಗೇಮ್ ಹಾಳಾಗಿದೆ ಅಂತ ಬರೀತಿದ್ರು. ದಯವಿಟ್ಟು ಅಳಿಸಿ, ಅದಕ್ಕೆ ಆ ಮಿಕ್ಕ ಒಂದು ಗಂಟೆಯಿಂದ ಕೊಡ್ತೀನಿ.

ಕಾವಲುಗಾರನ್ನ ನಿಲ್ಲಿಸೋದಕ್ಕೆ ನನಗೆ ಭಯ ಇದೆ. ಉಸಿರಾಡೋ ಮನುಷ್ಯ ಬಾಗಿಲ ಪಕ್ಕ ನಿಂತಿದ್ದರೆ ಆಟಗಾರ ಅವನನ್ನು ತಪ್ಪಿಸೋಕೆ, ಎಬ್ಬಿಸೋಕೆ, ನೆರಳು ಬಿಟ್ಟು ಮೋಸ ಮಾಡೋಕೆ ನೋಡ್ತಾನೆ. ಏನೂ ಆಗಲ್ಲ. ಇಲ್ಲದ ಪಝಲ್ಲಿಗೆ ಐದು ನಿಮಿಷ ಕಳೀತಾನೆ.

ಗೆರೆಗಾರ್ತಿ

ಹಾಗಾದ್ರೆ ಕಲ್ಲು ಮಾಡ್ತೀನಿ. ಬೂದು ಬಣ್ಣ, ಒಂದೇ ಫ್ರೇಮ್, ಮೇಲೆ ಪಾಚಿ.

ಸದ್ದುಗುದ್ದು

ನಾನಂತೂ ಆ ಕಲ್ಲಿನ ಮುಂದೆ ನಿಂತು E ಒತ್ತುತೀನಿ.

ತಡವಾಯ್ತು

ಸದ್ದು ನಿಲ್ಲಿಸೋ ಬಟನ್ ಉಳಿಸಿಕೊಂಡಿದ್ದಕ್ಕೆ ಕೈ ಮುಗೀತೀನಿ. ನಮ್ಮದು 48 ಗಂಟೆಯ ಜಾಮ್. ಬಾಸ್ ಉಳಿಸ್ಕೊಂಡು ಆ ಬಟನ್ ಬಿಟ್ವಿ. ನಮಗೆ ಬಂದ ಮೊದಲ ಕಾಮೆಂಟ್: ಮ್ಯೂಸಿಕ್ ನಿಲ್ಲಿಸೋದು ಹೇಗೆ? ಎರಡನೆಯದು: ಟ್ಯಾಬ್ ಮ್ಯೂಟ್ ಮಾಡಿ ಆಡಿದೆ. ಬಾಸ್ ಬಗ್ಗೆ ಒಂದೂ ಇಲ್ಲ, ಯಾಕಂದ್ರೆ ಅಲ್ಲಿವರೆಗೆ ಯಾರೂ ಹೋಗಲೇ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮೊದಲ ವೆಬ್ ಬಿಲ್ಡ್ ಕೊನೆಯ ಗಂಟೆಯಲ್ಲಿ ಮಾಡಿದ್ದಕ್ಕೆ. ಫೈಲ್ ಹೆಸರು `Door.png`, ಕೋಡ್‌ನಲ್ಲಿ `door.png`. ನಮ್ಮ ವಿಂಡೋಸ್ ಮಷೀನ್‌ನಲ್ಲಿ ಎರಡು ದಿನ ಏನೂ ಅನ್ನಲಿಲ್ಲ. ಎಕ್ಸ್‌ಪೋರ್ಟ್ ಮಾಡಿದ ಮೇಲೆ ಬಾಗಿಲೇ ಮಾಯ. ನೀವು ಬಿಲ್ಡ್ ಏರಿಸೋಕೆ ಭಾನುವಾರದವರೆಗೆ ಕಾಯ್ತಿದ್ದೀರಲ್ಲ, ಅದು ನನಗೆ ಇಷ್ಟ ಆಗಲಿಲ್ಲ.

ಗಡುವುಗಾರ

ಒಪ್ಪಿದೆ. ಇವತ್ತು ರಾತ್ರಿಯೇ ಒಂದು ಏರಿಸ್ತೀನಿ, ಎಷ್ಟು ಅರ್ಧಂಬರ್ಧ ಇದ್ದರೂ ಸರಿ. ಪತ್ರದಲ್ಲಿ ಅದನ್ನೇ ಬಿಟ್ಟಿದ್ದೆ.

ಮೊದಲಸಲ

ಕ್ಲಿಕ್ ಮಾಡಿ ಶುರುಮಾಡೋ ಪರದೆ ಯಾಕೆ ಇಷ್ಟು ಮುಖ್ಯ? ನೇರ ಗೇಮ್ ಶುರುವಾದ್ರೆ ಒಳ್ಳೇದಲ್ವಾ?

ಸದ್ದುಗುದ್ದು

ಆಟಗಾರ ಪುಟದಲ್ಲಿ ಒಮ್ಮೆ ಕ್ಲಿಕ್ ಮಾಡೋವರೆಗೆ ಅಥವಾ ಕೀ ಒತ್ತೋವರೆಗೆ ಬ್ರೌಸರ್ ಸದ್ದು ಹೊರಗೆ ಬಿಡಲ್ಲ. ನೇರ ಶುರುವಾದರೆ ನನ್ನ ಮೊದಲ ಸ್ವರಗಳೆಲ್ಲ ಮೌನಕ್ಕೆ ಅರ್ಪಣೆ. ಇನ್ನೊಂದು ಲಾಭ, ಕ್ಲಿಕ್ ಆದ್ಮೇಲೆ ಕೀಬೋರ್ಡ್ ಗೇಮ್ ಕೈಗೆ ಬರುತ್ತೆ. ಇಲ್ಲದಿದ್ರೆ ಬಾಣದ ಕೀ ಒತ್ತಿದರೆ ಗೇಮ್ ಬದಲು ಪುಟ ಕೆಳಗೆ ಜಾರುತ್ತೆ.

ಮೊದಲಸಲ

ಓ. ನಮ್ಮದು ಜಾರ್ತಿದೆ. ಬಗ್ ಅಂದ್ಕೊಂಡು ಬೆಳಿಗ್ಗೆಯಿಂದ ಕೋಡ್ ನೋಡ್ತಿದ್ದೆ.

ರಾತ್ರಿಪಾಳಿ

ಒಂದು ಮಾತು, ಯಾರೂ ಹೇಳಲಿಲ್ಲ. ಬಿಟ್ಟ ಮೇಲೆ ಉಳಿದಿರೋ ಆರು ಲೆವೆಲ್ ಅದೇ ಕ್ರಮದಲ್ಲಿ ಇಡಬೇಡಿ. ಹಿಂದಿನ ಜಾಮ್‌ನಲ್ಲಿ ನಮ್ಮ ಒಳ್ಳೇ ಪಝಲ್ ಕೊನೆಯದಾಗಿತ್ತು, ಹೆಚ್ಚಿನವರು ಮೂರನೆಯದರಲ್ಲೇ ಎದ್ದು ಹೋದರು.

ಅರೆಬೆಂದಕೋಡ್

ಇದು ಒಪ್ಪಲ್ಲ. 5ನೇದನ್ನು 2ಕ್ಕೆ ತಂದರೆ ಆಟಗಾರನಿಗೆ ಇನ್ನೂ ಪೆಟ್ಟಿಗೆ ತಳ್ಳೋದೇ ಗೊತ್ತಿರಲ್ಲ. ಕಲಿಸೋ ಕ್ರಮ ಮುರಿಯುತ್ತೆ.

ಗಡುವುಗಾರ

ಇಬ್ಬರ ಮಾತಲ್ಲೂ ಅರ್ಥ ಇದೆ, ನನಗೂ ಗೊತ್ತಾಗ್ತಿಲ್ಲ. ಶನಿವಾರ ಗೇಮ್ ನೋಡದೇ ಇರೋ ಇಬ್ಬರನ್ನು ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ಕ್ರಮ ಕೊಟ್ಟು ನೋಡ್ತೀನಿ. ಇಬ್ಬರಿಂದ ಏನೂ ಸಾಬೀತಾಗಲ್ಲ, ಅದೂ ಗೊತ್ತು.

ಗಡುವುಗಾರ (ಅದೇ ದಿನ, ರಾತ್ರಿ)

ರಿವರ್ಟ್ ಆಯ್ತು. ಕಾನ್‌ಫ್ಲಿಕ್ಟ್ ಬಂದದ್ದು ಲೆವೆಲ್ 4, 5 ಎರಡರಲ್ಲಿ, ಎಡಿಟರ್‌ನಲ್ಲಿ ಕೂತು ಸರಿ ಮಾಡಿದೆ. 18 ಗಂಟೆ ಉಳಿಯುತ್ತೆ ಅಂದಿದ್ದೆ, ತೆಗೆಯೋಕೇ ಎರಡೂವರೆ ಹೋಯ್ತು. ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಅಲ್ಲಿಗೆ ಆ ಒಂದು ಗಂಟೆಯೂ ಇಲ್ಲ, ಮೇಲೆ ಒಂದೂವರೆ ಸಾಲ.

ವೆಬ್ ಬಿಲ್ಡ್ ಏರಿಸಿದೆ. ಮೂರು ವಿಷಯ ಕಾಣಿಸಿತು. ವಿರಾಮಕ್ಕೆ Esc ಇಟ್ಟಿದ್ವಿ, ಪೂರ್ತಿ ಪರದೆಯಲ್ಲಿ ಒತ್ತಿದರೆ ಬ್ರೌಸರ್ ಪೂರ್ತಿ ಪರದೆಯಿಂದಲೇ ಆಚೆ ಬರುತ್ತೆ, ಹಾಗಾಗಿ P ಮಾಡಿದೆ. ಬೋರ್ಡು ಹೋಗಿದೆ, ಆದರೆ ಮರದ ಹಲಗೆ ಖಾಲಿಯಾಗಿ ನಿಂತಿದೆ, ನೋಡಿದರೆ ನಗು ಬರುತ್ತೆ. ಮೂರನೆಯದು, ಲೆವೆಲ್ 4ರ ಬಾಗಿಲು ಒಂದು ಸಲ ತೆರೆದರೆ ಮುಚ್ಚುತ್ತಲೇ ಇಲ್ಲ. @ಅರೆಬೆಂದಕೋಡ್ ಎದ್ದಿದ್ದೀಯಾ?

ಅರೆಬೆಂದಕೋಡ್

ಎದ್ದಿದ್ದೀನಿ. ಆ ಗುಂಡಿ ಇನ್ನೂ ತಲೆ ಎಣಿಸ್ತಿದೆ, ಅದು ಮರ್ಜ್‌ಗೆ ಮುಂಚೆಯೇ ಮೇನ್‌ಗೆ ಹಾಕಿದ್ದ ಬೇರೆ ಕಮಿಟ್. ನೋಡ್ತೀನಿ.